50 ಪೈಸೆಯ ವಿಚಾರವಾಗಿ ಮಂಡಿ ಸಾಹುಕಾರರಿಗೆ ಒಂದು ಬಹಿರಂಗ ಪತ್ರ

ಮಹಾರಾಜಶ್ರೀ ಸಗಟು ದಿನಸಿ ಮಂಡಿಯ ಸಾಹುಕಾರರ ಸನ್ನಿಧಾನಕ್ಕೆ,

ತಾಲ್ಲೂಕು ಪೇಟೆಯ ಚಿಲ್ಲರೆ ಅಂಗಡಿಯವನ ನಮಸ್ಕಾರಗಳು. ತಮ್ಮ ಗದ್ದಿಗೆಯ ಮುಂದೆ ಕೂತು ಕೈಮುಗಿದು ಹೇಳಬೇಕಾದ ಮಾತನ್ನು ಹೀಗೆ ನಾಲ್ಕು ಜನ ಓದುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಗದ್ದಿಗೆಯ ಮುಂದೆ ಮಾತು ಮುಗಿಯುವ ಮೊದಲೇ ತಮಗೆ ಫೋನು ಬರುತ್ತದೆ, ಲಾರಿ ಬರುತ್ತದೆ, ಇನ್ನೊಬ್ಬ ಗಿರಾಕಿ ಬರುತ್ತಾನೆ. ಕಾಗದದ ಮೇಲಾದರೆ ಲೆಕ್ಕ ಕೊನೆಯ ಸಾಲಿನವರೆಗೂ ನಿಲ್ಲುತ್ತದೆ. ಅಲ್ಲದೆ ಈ ಮಾತು ತಮ್ಮೊಬ್ಬರಿಗೆ ಸೇರಿದ್ದೂ ಅಲ್ಲ. ನಮ್ಮ ಸಾಲಿನ ಅಂಗಡಿಯವರೆಲ್ಲ ತಮ್ಮಂಥ ಒಬ್ಬೊಬ್ಬ ಸಾಹುಕಾರರ ಬಳಿ ಇದನ್ನೇ ಕೇಳಿ, ಇದೇ ಉತ್ತರ ಪಡೆದು ಬಂದವರು.

ಮೊದಲು ಋಣದ ಮಾತು. ಅಂಗಡಿ ತೆರೆದ ಹೊಸದರಲ್ಲಿ ನನ್ನ ಮುಖ ನೋಡಿ ಉದ್ರಿ ಕೊಟ್ಟವರು ತಾವು. ಯಾವ ಬ್ಯಾಂಕೂ ಕೊಡದ ಸಾಲವನ್ನು ಒಂದು ಕಾಗದವೂ ಕೇಳದೆ ಕೊಟ್ಟಿರಿ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಅದೇ ಕಾರಣಕ್ಕೆ ಇಂದಿಗೂ ನನ್ನ ತೊಗರಿಬೇಳೆ ತಮ್ಮ ಮಂಡಿಯಿಂದಲೇ ಬರುತ್ತದೆ. ಆದರೆ ಅಂದು ಕೊಟ್ಟ ಉದ್ರಿಯ ಬೆಲೆಯನ್ನು ಅಂದಿನಿಂದ ಇಂದಿನವರೆಗೆ ಪ್ರತಿ ಕಿಲೋ ಬೇಳೆಯ ದರದಲ್ಲಿ ತಾವು ವಸೂಲು ಮಾಡುತ್ತಿದ್ದೀರಿ. ಈಗ ನಾನು ಉದ್ರಿ ಬೇಡ ಎಂದರೂ ಆ ವಸೂಲಿ ನಿಲ್ಲುತ್ತಿಲ್ಲ. ನನ್ನ ನಿವೇದನೆಯೆಲ್ಲ ಇರುವುದು ಇಲ್ಲಿ.

ವಿಷಯ ಹೀಗಿದೆ. ನಮ್ಮ ಅಂಗಡಿಗೆ ತಿಂಗಳಿಗೆ 50 ಕಿಲೋದ 16 ಚೀಲ ಬೇಳೆ ಬೇಕು. ವಾರಕ್ಕೆ 4 ಚೀಲದಂತೆ ಮಂಗಳವಾರ ತಮ್ಮ ಟೆಂಪೋ ತಂದು ಇಳಿಸುತ್ತದೆ, 30 ದಿನಕ್ಕೆ ದುಡ್ಡು ಕೊಡುತ್ತೇವೆ. ಲೆಕ್ಕಕ್ಕೆ ಅನುಕೂಲವಾಗಲೆಂದು ದರವನ್ನು ಕಿಲೋಗೆ 110 ರೂಪಾಯಿ ಎಂದಿಟ್ಟುಕೊಳ್ಳೋಣ. ಚೀಲಕ್ಕೆ 5,500, ತಿಂಗಳಿಗೆ 88,000 ರೂಪಾಯಿಯ ವ್ಯಾಪಾರ. ನಾನು ತಮ್ಮ ಮುಂದೆ ಇಟ್ಟದ್ದು ಎರಡು ಮಾತು. ತಿಂಗಳ 16 ಚೀಲವನ್ನೂ ಒಟ್ಟಿಗೆ ಎತ್ತಿದರೆ ದರ ಎಷ್ಟು ಇಳಿಯುತ್ತದೆ? 30 ದಿನದ ಬದಲು 7ನೇ ದಿನಕ್ಕೇ ದುಡ್ಡು ಹಾಕಿದರೆ ಎಷ್ಟು ಇಳಿಯುತ್ತದೆ? ತಾವು ಗುಮಾಸ್ತರ ಕಡೆ ನೋಡಿದಿರಿ, ಅವರು 50 ಪೈಸೆ ಎಂದರು. ಯಾವುದಕ್ಕೆ ಎಂದು ಕೇಳಿದೆ. ಯಾವುದಕ್ಕಾದರೂ ಎಂದರು. ಎರಡೂ ಮಾಡಿದರೆ? ಆಗಲೂ 50 ಪೈಸೆ. ಕೇಳಿದ ಕೂಡಲೇ ಇಲ್ಲ ಎನ್ನದೆ ಏನೋ ಒಂದು ಕೊಟ್ಟಿರಿ, ಅದಕ್ಕೆ ವಂದನೆಗಳು. ಆದರೆ ಬೇರೆ ಬೇರೆ ಎರಡು ಸರಕನ್ನು ನಾನು ಮಾರಲು ತಂದಿದ್ದೆ. ತಾವು ಎರಡನ್ನೂ ತೂಗದೆಯೇ ಒಂದೇ ಬೆಲೆ ಕಟ್ಟಿದಿರಿ.

ಒಟ್ಟಿಗೆ ಎತ್ತುವ ಮಾತನ್ನು ಮೊದಲು ನೋಡೋಣ. ವಾರಕ್ಕೆ 4 ಚೀಲ ತಂದರೆ, ಮಾರುತ್ತ ಹೋಗುವುದರಿಂದ, ನನ್ನಲ್ಲಿ ಸರಾಸರಿ ಇರುವುದು 2 ಚೀಲ. ಒಟ್ಟಿಗೆ 16 ತಂದರೆ ಸರಾಸರಿ 8 ಚೀಲ ಕೂತಿರುತ್ತದೆ. ಹೆಚ್ಚುವರಿ 6 ಚೀಲ ಎಂದರೆ 33,000 ರೂಪಾಯಿ ನನ್ನ ಗೋಡೆಗೆ ಒರಗಿ ನಿಂತಂತೆ. ಬ್ಯಾಂಕಿನ ಓವರ್‌ಡ್ರಾಫ್ಟಿಗೆ ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ ಹಿಡಿದರೆ ತಿಂಗಳಿಗೆ 330 ರೂಪಾಯಿ. ತಮ್ಮ 50 ಪೈಸೆ 800 ಕಿಲೋಗೆ 400 ರೂಪಾಯಿ ಆಗುತ್ತದೆ. ನನಗೆ ಉಳಿಯುವುದು 70. ಅದರಲ್ಲಿ ಚೀಲ ಇಡುವ ಜಾಗ ಬರಬೇಕು, ಇಲಿ ಕಡಿದದ್ದು ಬರಬೇಕು, ಮಳೆಗಾಲದಲ್ಲಿ ಹುಳು ಬಿದ್ದ ಚೀಲವನ್ನು ಜರಡಿ ಹಿಡಿದು ಒಣಗಿಸುವ ಕೂಲಿ ಬರಬೇಕು. ದರ ಇಳಿದರೆ ಆ ನಷ್ಟವೂ ಅದರಲ್ಲೇ ಬರಬೇಕು. ಕಲಬುರಗಿ ಕಡೆಯ ಹೊಸ ತೊಗರಿ ಡಿಸೆಂಬರ್, ಜನವರಿಯಲ್ಲಿ ಬರಲು ಶುರುವಾದಾಗ ಬೇಳೆಯ ದರ ಕಿಲೋಗೆ 3 ರೂಪಾಯಿ ಜಾರಿತು ಎನ್ನಿ. ಆ 6 ಚೀಲದ ಮೇಲೆ 900 ರೂಪಾಯಿ ಹೋಯಿತು. ತಮ್ಮ ಗೋಡೌನಿನಲ್ಲಿ ಕೂತು ದರ ಕಳೆದುಕೊಳ್ಳಬೇಕಾಗಿದ್ದ ಬೇಳೆ ನನ್ನ ಅಂಗಡಿಯಲ್ಲಿ ಕೂತು ಕಳೆದುಕೊಂಡಿತು, ಅಷ್ಟೇ ವ್ಯತ್ಯಾಸ. ಆ ಭಾರವನ್ನು 70 ರೂಪಾಯಿಗೆ ಹೊರಲು ನನ್ನಲ್ಲಿ ತಾವಿಟ್ಟಿರುವ ಭರವಸೆಗೆ ನಾನು ಋಣಿ.

ಇನ್ನು ತಮಗೆ ಉಳಿಯುವುದೆಷ್ಟು? ಇದನ್ನು ತಾವು ಹೇಳುವುದಿಲ್ಲ, ಆದ್ದರಿಂದ ನಾನೇ ಟೆಂಪೋ ಚಾಲಕನ ಜೊತೆ ಕೂತು ಲೆಕ್ಕ ಹಾಕಿದೆ. ನಮ್ಮ ಪೇಟೆಗೆ ಒಂದು ಸಲ ಬಂದು ನನ್ನ ಅಂಗಡಿಯ ಮುಂದೆ ನಿಂತು ಇಳಿಸುವುದಕ್ಕೆ ಡೀಸೆಲ್, ಹಮಾಲಿ, ಚಾಲಕನ ಹೊತ್ತು ಎಲ್ಲ ಸೇರಿ ನನ್ನ ಅಂಗಡಿಯ ಲೆಕ್ಕದಲ್ಲಿ ತಮಗೆ ಸುಮಾರು 400 ರೂಪಾಯಿ ಬೀಳುತ್ತದೆ. ನಾಲ್ಕು ಸಲದ ಬದಲು ಒಂದೇ ಸಲ ಬಂದರೆ ತಿಂಗಳಿಗೆ 1,200 ರೂಪಾಯಿ ಉಳಿಯಿತು, ಎಂದರೆ ಕಿಲೋಗೆ 1 ರೂಪಾಯಿ 50 ಪೈಸೆ. ಅದರಲ್ಲಿ 50 ಪೈಸೆ ನನಗೆ ಕೊಟ್ಟು ರೂಪಾಯಿಯನ್ನು ತಾವು ಇಟ್ಟುಕೊಂಡಿರಿ. ಬಡ್ಡಿ ನನ್ನದು, ಹುಳು ನನ್ನದು, ದರದ ಏರಿಳಿತ ನನ್ನದು. ಒಂದು ರೂಪಾಯಿ ಕೊಟ್ಟಿದ್ದರೆ ನನಗೆ 470 ಉಳಿಯುತ್ತಿತ್ತು, ತಮಗೂ 400 ಉಳಿಯುತ್ತಿತ್ತು.

ಚೀಲ ಹೆಚ್ಚಾದ ಮಾತ್ರಕ್ಕೆ ದರ ಇಳಿಯಬೇಕೆಂದು ನಾನೂ ವಾದಿಸುವುದಿಲ್ಲ. ಚೀಲ ತಮ್ಮ ಗೋಡೌನಿನಿಂದ ನನ್ನದಕ್ಕೆ ಹೋದರೆ ಯಾರಿಗೂ ಏನೂ ಉಳಿಯದು. ಉಳಿಯುವುದು ಟೆಂಪೋ ಓಡಾಟದಲ್ಲಿ, ಬಿಲ್ ಬರೆಯುವ ಕೈಯಲ್ಲಿ. ಅದಕ್ಕೇ ನಡುವಿನ ದಾರಿಯೊಂದನ್ನು ವಿನಂತಿಸುತ್ತೇನೆ. ತಿಂಗಳಿಗೆ 16 ಚೀಲ ತಮ್ಮಲ್ಲೇ ಎತ್ತುವುದಾಗಿ ನಾನು ಮಾತು ಕೊಡುತ್ತೇನೆ, ತಾವು ಎರಡು ಸಲಕ್ಕೆ 8ರಂತೆ ಇಳಿಸಿ. ಆಗ ತಮಗೆ ಎರಡು ಓಡಾಟ ತಪ್ಪಿ 800 ರೂಪಾಯಿ ಉಳಿಯುತ್ತದೆ. ನನ್ನಲ್ಲಿ ಹೆಚ್ಚಾಗಿ ಕೂರುವುದು ಸರಾಸರಿ 2 ಚೀಲ, ಅದರ ಬಡ್ಡಿ 110 ರೂಪಾಯಿ. ಈ ಏರ್ಪಾಟಿಗೆ ತಾವು ಹೇಳಿದ ಅದೇ 50 ಪೈಸೆ ನ್ಯಾಯವಾದ ಬೆಲೆ. ತಮಗೆ 400, ನನಗೆ 290. ತಮ್ಮ ಗುಮಾಸ್ತರ ಬಾಯಿಂದ ಬಂದ ಅಂಕಿ ತಪ್ಪಲ್ಲ, ಅದನ್ನು ಅಂಟಿಸಿದ ಜಾಗ ತಪ್ಪು. ನನ್ನ ಎದುರುಗಡೆಯ ಅಂಗಡಿಯವರೂ ತಮ್ಮ ಗಿರಾಕಿಯೇ. ಇಬ್ಬರಿಗೂ ಒಂದೇ ದಿನ ಇಳಿಸಿದರೆ ಟೆಂಪೋ ಒಂದೇ ಸಲ ನಿಂತರೆ ಸಾಕು. ನಾವಿಬ್ಬರೂ ಒಟ್ಟಿಗೆ ಬಂದು ಇದನ್ನು ಕೇಳಿದ್ದೆವು. ‘ಅವರವರ ರೇಟು ಅವರವರಿಗೆ’ ಎಂದು ತಾವು ಇಬ್ಬರಿಗೂ ಬೇರೆ ಬೇರೆಯಾಗಿ ಚಹಾ ತರಿಸಿದಿರಿ. ಆ ಚಹಾಕ್ಕೂ ವಂದನೆಗಳು.

ಈಗ ಬೇಗ ದುಡ್ಡು ಕೊಡುವ ಮಾತು. ಇಲ್ಲಿ ನನ್ನ ನೋವು ಸ್ವಲ್ಪ ಹೆಚ್ಚು.

7ನೇ ದಿನಕ್ಕೆ ಕೊಟ್ಟರೆ 23 ದಿನ ಮೊದಲೇ 88,000 ರೂಪಾಯಿ ತಮ್ಮ ಕೈಗೆ ಬರುತ್ತದೆ. ತಮ್ಮ ವ್ಯಾಪಾರ ದೊಡ್ಡದು, ಬ್ಯಾಂಕಿನಲ್ಲಿ ಬಡ್ಡಿ ನನಗಿಂತ ಒಂದಿಷ್ಟು ಕಡಿಮೆ. ನೂರಕ್ಕೆ 11 ಎಂದು ಹಿಡಿದರೆ ತಮಗೆ ಉಳಿಯುವ ಬಡ್ಡಿ ಸುಮಾರು 610 ರೂಪಾಯಿ, ಕಿಲೋಗೆ 76 ಪೈಸೆ. ಅದೇ ದುಡ್ಡನ್ನು ನನ್ನ ಓವರ್‌ಡ್ರಾಫ್ಟಿನಿಂದ ತೆಗೆದುಕೊಟ್ಟರೆ ನನಗೆ ಬೀಳುವ ಬಡ್ಡಿ ಸುಮಾರು 665 ರೂಪಾಯಿ, ಕಿಲೋಗೆ 83 ಪೈಸೆ. ತಾವು ಕೊಟ್ಟ 50 ಪೈಸೆಯಲ್ಲಿ ನನಗೆ ಸಿಗುವುದು 400. ತಿಂಗಳಿಗೆ 265 ರೂಪಾಯಿ ಕೈಯಿಂದ ಹಾಕಿ ತಮಗೆ ಬೇಗ ದುಡ್ಡು ಕೊಡುವ ಅವಕಾಶ ಅದು. ಇಂಥ ಅವಕಾಶವನ್ನು ರಿಯಾಯಿತಿ ಎಂದು ಬಿಲ್ಲಿನ ಕೆಳಗೆ ಮುದ್ರೆ ಹೊಡೆದು ಕೊಟ್ಟಿದ್ದೀರಿ.

ಬಡ್ಡಿಯೊಂದನ್ನೇ ನೋಡಿದರೆ ನಮ್ಮಿಬ್ಬರ ನಡುವೆ ಈ ವ್ಯವಹಾರ ಕುದುರುವುದೇ ಇಲ್ಲ ಎನ್ನುವುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ತಾವು ಹೆಚ್ಚೆಂದರೆ 76 ಪೈಸೆ ಬಿಡಬಲ್ಲಿರಿ, ನನಗೆ ಕಡಿಮೆಯೆಂದರೆ 83 ಬೇಕು. ಆದರೆ ಉದ್ರಿಯ ಖರ್ಚು ಬಡ್ಡಿಯೊಂದೇ ಅಲ್ಲವಲ್ಲ, ಸಾಹುಕಾರರೇ. ವಸೂಲಿಗೆ ತಾವು ಕಳಿಸುವ ಹುಡುಗನ ಸಂಬಳ, ಅವನ ಬೈಕಿನ ಪೆಟ್ರೋಲು, ‘ನಾಳೆ ಬಾ’ ಎನಿಸಿಕೊಂಡು ಬರಿಗೈಲಿ ತಿರುಗಿದ ದಿನಗಳು ಅದರಲ್ಲಿವೆ. ಬಾಗಿಲು ಹಾಕಿಕೊಂಡು ಊರು ಬಿಟ್ಟವರ ಬಾಕಿಯೂ ಅದರಲ್ಲಿದೆ. ತಾವು ಗಿರಣಿಯಿಂದ ಬೇಳೆ ಎತ್ತುವಾಗ ಮುಂಗಡ ಕೊಟ್ಟರೆ ಒಂದು ದರ, ಉದ್ರಿಯಾದರೆ ಇನ್ನೊಂದು ದರ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ತಾವು. ಗಿರಣಿಯವರ ಮುಂದೆ ಇದೇ ಲೆಕ್ಕವನ್ನು ಪೈಸೆ ಬಿಡದೆ ಒಪ್ಪಿಸಿ ಬರುತ್ತೀರಿ. ನಮ್ಮ ಸರದಿ ಬಂದಾಗ ಮಾತ್ರ ಅದು ಮರೆತುಹೋಗುತ್ತದೆ.

ಅದಕ್ಕೇ ನನ್ನ ವಿನಂತಿ ನೂರಕ್ಕೆ 1 ರೂಪಾಯಿ, ಎಂದರೆ ಕಿಲೋಗೆ 1 ರೂಪಾಯಿ 10 ಪೈಸೆ. ತಿಂಗಳಿಗೆ 880. ನನ್ನ ಬಡ್ಡಿ ಕಳೆದು ನನಗೆ 215 ಉಳಿಯುತ್ತದೆ. ತಮಗೆ ಉಳಿದ ಬಡ್ಡಿಗಿಂತ ತಾವು ಕೊಡುವುದು 270 ಹೆಚ್ಚಾಗುತ್ತದೆ, ನಿಜ. ಆದರೆ ಉದ್ರಿ ಕೊಟ್ಟ ನೂರು ರೂಪಾಯಿಯಲ್ಲಿ 31 ಪೈಸೆ ಮುಳುಗಿದರೂ ಆ 270 ಸರಿಹೋಗುತ್ತದೆ. ತಮ್ಮ ಖಾತೆಯಲ್ಲಿ ಮುಳುಗಿದ್ದು ನೂರಕ್ಕೆ 31 ಪೈಸೆಗಿಂತ ಕಡಿಮೆ ಎಂದು ತಾವು ಹೇಳಿದರೆ ನಾನು ಸುಮ್ಮನಾಗುತ್ತೇನೆ.

‘ನೀನು ಮುಳುಗಿಸುವವನಲ್ಲ, ನಿನ್ನಿಂದ ನನಗೆ ಉಳಿಯುವುದೇನು?’ ಎಂದು ತಾವು ಕೇಳಿದ್ದುಂಟು. ಅಷ್ಟು ಒಳ್ಳೆಯ ಮಾತು ನನ್ನ ಬಗ್ಗೆ ಹೇಳಿದ್ದಕ್ಕೆ ಕೃತಜ್ಞ. ಆದರೆ ಆ ಮಾತಿನಲ್ಲೇ ನನ್ನ ದೂರು ಪೂರ್ತಿಯಾಗಿ ಇದೆ. ಪಕ್ಕದ ಬೀದಿಯ ಅಂಗಡಿಯವರು 90 ದಿನ ಎಳೆದು, ಅರ್ಧ ಕೊಟ್ಟು, ಹೊಸ ಚೀಲ ಎತ್ತುತ್ತಾರೆ. ಅವರ ಬಿಲ್ಲಿನ ದರವೂ ನನ್ನ ಬಿಲ್ಲಿನ ದರವೂ ಒಂದೇ. ಅವರಿಂದ ಬರುವ ನಷ್ಟವನ್ನು ತುಂಬಿಕೊಳ್ಳಲು ದರದೊಳಗೆ ತಾವು ಮೊದಲೇ ಸೇರಿಸಿಟ್ಟ ಪೈಸೆಗಳನ್ನು ಕೊಡುತ್ತಿರುವವನು ನಾನು. ಹೊತ್ತಿಗೆ ಸರಿಯಾಗಿ ಕೊಡುವ ಗಿರಾಕಿಗೆ ಮಂಡಿಯಲ್ಲಿ ಕೂರಲು ಕುರ್ಚಿ ಸಿಗುತ್ತದೆ, ಎಳೆದಾಡುವವನಿಗೆ ನನ್ನ ಬೆಲೆಯಲ್ಲಿ ಬೇಳೆ ಸಿಗುತ್ತದೆ.

ಇದೇ ಲೆಕ್ಕವನ್ನು ನಮ್ಮ ಸಾಲಿನ ಅಂಗಡಿಯವರಿಗೂ ಎಚ್ಚರಿಕೆಯಾಗಿ ಹೇಳಿದ್ದೇನೆ. ಬ್ಯಾಂಕಿನ ದುಡ್ಡಿದ್ದವನಿಗೆ ನೂರಕ್ಕೆ 1 ರೂಪಾಯಿ ಲಾಭ ತರುತ್ತದೆ. ಆದರೆ ಕೈಸಾಲ ತಂದು, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಕಟ್ಟುವವನಿಗೆ ಆ 23 ದಿನದ ಬಡ್ಡಿಯೇ 1,350 ರೂಪಾಯಿಯ ಹತ್ತಿರ ಬರುತ್ತದೆ. ಅವನಿಗೆ ತಾವು ನೂರಕ್ಕೆ ಒಂದೂವರೆ ಕೊಟ್ಟರೂ 1,320, ಆಗಲೂ ನಷ್ಟವೇ. ಅಂಥವನು ಉದ್ರಿಯಲ್ಲೇ ಇದ್ದು ಚೀಲದ ಲೆಕ್ಕದಲ್ಲಿ ದರ ಕೇಳುವುದು ಮೇಲು. ಈ ಲೆಕ್ಕ ತಮಗೆ ಗೊತ್ತಿದ್ದೂ ‘ಕ್ಯಾಶ್ ಕೊಡು, ಕಡಿಮೆ ಮಾಡ್ತೀನಿ’ ಎಂದು ಅವನನ್ನೇ ಮೊದಲು ಕರೆಯುತ್ತೀರಿ.

ಕ್ಯಾಶ್ ಎಂದಾಗ ನೆನಪಾಯಿತು. ಬಿಲ್ ಬೇಡವೆಂದರೆ, ನೋಟಿನಲ್ಲೇ ಕೊಟ್ಟರೆ ಇನ್ನೂ 25 ಪೈಸೆ ಬಿಡುತ್ತೇನೆ ಎಂದು ತಾವು ದೊಡ್ಡ ಮನಸ್ಸು ಮಾಡಿದಿರಿ. ಅದನ್ನು ವಿನಯದಿಂದ ಹಿಂದಿರುಗಿಸುತ್ತೇನೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದು ನನ್ನ ಖರ್ಚಿನ ಲೆಕ್ಕಕ್ಕೆ ಸಲ್ಲುವುದಿಲ್ಲ. ಬಿಲ್ಲೇ ಇಲ್ಲದಿದ್ದರೆ ಚೀಲದಲ್ಲಿ ನುಚ್ಚು ಬಂದಾಗ ನಾನು ಯಾವ ಕಾಗದ ಹಿಡಿದು ಬರಲಿ? ನನ್ನ ಮಾತಿನಲ್ಲಿ ಬೇಗ ದುಡ್ಡು ಎಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ದುಡ್ಡು, ದಿನಾಂಕ ಎರಡೂ ಕಡೆ ಬಿದ್ದ ದುಡ್ಡು.

ಇನ್ನು ದರವನ್ನು ಏರಿಸಿ ಇಳಿಸುವ ವಿಚಾರ. ನಾನು ರಿಯಾಯಿತಿ ಕೇಳಿದ ವಾರವೇ ದರ ಮೇಲಕ್ಕೆ ಹೋಗಿ, ಅದರಿಂದ 50 ಪೈಸೆ ಕೆಳಗೆ ಬಂದು ನಿಂತಿತು. ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಚೀಲದ ಸಂಖ್ಯೆಯನ್ನೂ ದುಡ್ಡಿನ ದಿನವನ್ನೂ ಹೇಳುವ ಮೊದಲು ಅಂದಿನ ದರ ಕೇಳಿ ಬರೆದುಕೊಳ್ಳುತ್ತೇನೆ. ಅದೇ ಹೊತ್ತಿಗೆ ಇನ್ನೊಂದು ಮಂಡಿಯಲ್ಲೂ ಕೇಳುತ್ತೇನೆ. ಆಮೇಲೆ ಅಂಗಡಿಯ ತಕ್ಕಡಿಯ ಮೇಲೆ ಚೀಲ ಇಟ್ಟು ನಿಜವಾದ ಕಿಲೋ ದರ ತೆಗೆಯುತ್ತೇನೆ. ಒಮ್ಮೆ ತಮ್ಮ ದರ 108 ರೂಪಾಯಿ 50 ಪೈಸೆ, ಅದರಲ್ಲಿ 50 ಪೈಸೆ ಕಳೆದು 108. ಚೀಲಕ್ಕೆ 5,400. ಅದರ ಮೇಲೆ ಬಾಡಿಗೆ 40, ಹಮಾಲಿ 10, ಒಟ್ಟು 5,450. ತೂಗಿದರೆ ಚೀಲದಲ್ಲಿ ಇದ್ದದ್ದು 49 ಕಿಲೋ 600 ಗ್ರಾಂ. ಕಿಲೋಗೆ 109 ರೂಪಾಯಿ 88 ಪೈಸೆ ಬಿತ್ತು. ಆ ಇನ್ನೊಂದು ಮಂಡಿಯವರು ರಿಯಾಯಿತಿಯ ಮಾತೇ ಆಡದೆ, ತುಂಬು ತೂಕ, ಅಂಗಡಿಗೆ ತಂದಿಳಿಸಿ 109 ರೂಪಾಯಿ 50 ಪೈಸೆ ಎಂದಿದ್ದರು. ಒಂದೂವರೆ ರೂಪಾಯಿ ಅಗ್ಗವಾಗಿ ಕಂಡ ತಮ್ಮ ಬೇಳೆ 38 ಪೈಸೆ ದುಬಾರಿಯಾಗಿತ್ತು. ಆದರೂ ತಮ್ಮ ಮಂಡಿ ಬಿಟ್ಟಿಲ್ಲ, ಯಾಕೆಂದರೆ ತಮ್ಮ ಬೇಳೆ ಬೇಯುತ್ತದೆ, ಕಲ್ಲು ಇರುವುದಿಲ್ಲ, ಗಿರಾಕಿ ಅದನ್ನೇ ಕೇಳುತ್ತಾನೆ. ಇದನ್ನು ಹೊಗಳಿಕೆಗಾಗಿ ಬರೆಯುತ್ತಿಲ್ಲ, ಇರುವುದೇ ಹಾಗೆ.

ಬೇಳೆಯಲ್ಲಿ ಈ ಲೆಕ್ಕವನ್ನು ಮರೆಮಾಚಲು ತೆರಿಗೆಯ ನೆಪವೂ ಇಲ್ಲ. 2022ರ ಜುಲೈಯಿಂದ ಜಿಎಸ್‌ಟಿ ಬಿದ್ದದ್ದು 25 ಕಿಲೋವರೆಗಿನ, ಚೀಟಿ ಅಂಟಿಸಿದ ಪ್ಯಾಕೆಟ್ಟಿನ ಬೇಳೆಗೆ. ನಮ್ಮ 50 ಕಿಲೋದ ಚೀಲಕ್ಕೆ ಅದಿಲ್ಲ. ದರ, ಬಾಡಿಗೆ, ಹಮಾಲಿ, ತೂಕ, ಇಷ್ಟೇ. ‘20 ಚೀಲಕ್ಕೆ 1 ಚೀಲ ಉಚಿತ, ನೂರಕ್ಕೆ 5 ಸಿಕ್ಕಿತಲ್ಲ’ ಎಂದು ಹಬ್ಬದ ಸಮಯದಲ್ಲಿ ತಾವು ಹರಸುತ್ತೀರಿ. 21 ಚೀಲಕ್ಕೆ 20ರ ದುಡ್ಡು ಕೊಟ್ಟರೆ ಸಿಗುವುದು ನೂರಕ್ಕೆ 4 ರೂಪಾಯಿ 76 ಪೈಸೆ. ನನಗೆ ಬೇಡದ 5 ಚೀಲವನ್ನು ಎತ್ತಿದ ಮೇಲೆ ಸಿಗುವುದು ಅದು.

‘ಹಾಗಾದರೆ ಮೂರು ತಿಂಗಳಿಗೆ ಒಂದೇ ದರ ಕಟ್ಟಿಬಿಡೋಣ, 48 ಚೀಲ ನಿನ್ನದು’ ಎಂದೂ ಒಮ್ಮೆ ಹೇಳಿದಿರಿ. ಪ್ರೀತಿಯಿಂದಲೇ ಹೇಳಿದಿರಿ, ಒಪ್ಪುತ್ತೇನೆ. ಆದರೆ ತೊಗರಿಯ ದರ ನಮ್ಮಿಬ್ಬರ ಮಾತು ಕೇಳುವುದಿಲ್ಲ. ಏರಿದರೆ ತಾವು ‘ಮಾಲು ಬಂದಿಲ್ಲ’ ಎನ್ನುತ್ತೀರಿ, ಇಳಿದರೆ ಚೀಲ ನನ್ನ ತಲೆಗೆ. ಸರ್ಕಾರವೂ ನಡುವೆ ಬರಬಹುದು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ, ಉದ್ದಿನ ದಾಸ್ತಾನಿಗೆ ಮಿತಿ ಹಾಕಿದಾಗ ನನ್ನಂಥ ಚಿಲ್ಲರೆ ಅಂಗಡಿಗೆ 5 ಟನ್, ತಮ್ಮಂಥವರಿಗೆ 200 ಟನ್ ಎಂದಿತು. 5 ಟನ್ ಎಂದರೆ 100 ಚೀಲ. ನನಗದು ದೂರದ ಮಿತಿ, ಹಾಸ್ಟೆಲ್ಲು, ಮದುವೆ ಛತ್ರಗಳಿಗೆಲ್ಲ ಬೇಳೆ ಹಾಕುವ ಅಂಗಡಿಯವರಿಗೆ ಅಷ್ಟು ದೂರವಲ್ಲ. ಆದ್ದರಿಂದ ದರ ಕಟ್ಟುವುದು ಬೇಡ, ರಿಯಾಯಿತಿ ಕಟ್ಟೋಣ. ಇಳಿಸುವ ದಿನ ತಮ್ಮ ಮಂಡಿಯ ಹಲಗೆಯ ಮೇಲೆ ಎಲ್ಲರಿಗೂ ಬರೆದ ದರ ಎಷ್ಟೇ ಇರಲಿ, ನನಗೆ ಅದರಿಂದ ಇಷ್ಟು ಪೈಸೆ ಕಡಿಮೆ. ಆಗ ಏರಿಳಿತದಲ್ಲಿ ಇಬ್ಬರೂ ಒಂದೇ ಕಡೆ ಇರುತ್ತೇವೆ.

ಪ್ರಾರ್ಥನೆ ಇಷ್ಟು. ತಿಂಗಳಿಗೆ 16 ಚೀಲ, ಮೊದಲನೇ ಮತ್ತು ಮೂರನೇ ಮಂಗಳವಾರ 8ರಂತೆ. ಅದಕ್ಕೆ ಹಲಗೆಯ ದರದಲ್ಲಿ ಕಿಲೋಗೆ 50 ಪೈಸೆ ಕಡಿಮೆ. ಬಿಲ್ಲಿನ ದಿನದಿಂದ 7 ದಿನದೊಳಗೆ ಬ್ಯಾಂಕಿಗೆ ದುಡ್ಡು ಬಂದರೆ ನೂರಕ್ಕೆ 1 ಕಡಿಮೆ. ಎರಡೂ ಬೇರೆ ಬೇರೆ ಸಾಲಿನಲ್ಲಿ, ಅದೇ ಬಿಲ್ಲಿನಲ್ಲಿ ಬರೆದು ಬರಬೇಕು. ವರ್ಷದ ಕೊನೆಗೆ ನೋಡೋಣ ಎನ್ನುವ ಬಾಯಿಮಾತು ಬೇಡ. 7 ದಿನ ನಾನು ತಪ್ಪಿದರೆ ಆ ಬಿಲ್ಲಿನ 1 ರೂಪಾಯಿ ಹೋಗಲಿ, ಹಿಂದಿನ ಬಿಲ್ಲುಗಳನ್ನು ಕೆದಕುವುದು ಬೇಡ. ಟೆಂಪೋ ಎರಡು ದಿನಕ್ಕಿಂತ ಹೆಚ್ಚು ತಡವಾದರೆ ಆ 8 ಚೀಲವನ್ನು ನಾನು ಬೇರೆ ಕಡೆ ಎತ್ತಿದರೂ ಮಾತು ಮುರಿದಂತೆ ಆಗಬಾರದು. ತೂಕ ನನ್ನ ಅಂಗಡಿಯ ತಕ್ಕಡಿಯಲ್ಲಿ, ತಮ್ಮ ಚಾಲಕನ ಎದುರಿಗೆ.

ಎಲ್ಲ ಸೇರಿ ತಾವು ಬಿಡಬೇಕಾದ್ದು ತಿಂಗಳಿಗೆ 1,280 ರೂಪಾಯಿ. ಅದಕ್ಕಾಗಿ ನನಗೆ ಬೀಳುವ ಬಡ್ಡಿ 775, ಉಳಿಯುವುದು 505. ನನ್ನ ಕಡೆಯ ಅಂಕಿಗಳನ್ನೆಲ್ಲ ತಮ್ಮ ಮುಂದೆ ತೆರೆದಿಟ್ಟಿದ್ದೇನೆ. ಇದರಲ್ಲಿ ಯಾವುದಾದರೂ ಸಾಲು ತಪ್ಪಿದ್ದರೆ, ಟೆಂಪೋ ಖರ್ಚು 400 ಅಲ್ಲ 250 ಎಂದಿದ್ದರೆ, ತಮ್ಮ ಬಡ್ಡಿ ನಾನು ಹಿಡಿದದ್ದಕ್ಕಿಂತ ಕಡಿಮೆ ಇದ್ದರೆ, ದಯಮಾಡಿ ಆ ಸಾಲಿನ ಪಕ್ಕದಲ್ಲಿ ಸರಿಯಾದ ಅಂಕಿ ಬರೆದು ಕಳಿಸಬೇಕು. ಅದರ ಮೇಲೆ ಹೊಸದಾಗಿ ಕೂಡಿಸಿ ಕಳೆದು ನನ್ನ ಕೇಳಿಕೆಯನ್ನು ಇಳಿಸಲು ಸಿದ್ಧನಿದ್ದೇನೆ. ಎಲ್ಲ ಸರಿಯಿದ್ದರೆ ಬರುವ ತಿಂಗಳ ಮೊದಲ ಮಂಗಳವಾರದ ಬಿಲ್ಲಿನಲ್ಲೇ ಎರಡು ಸಾಲೂ ಕಾಣಲಿ. 109 ರೂಪಾಯಿ 50 ಪೈಸೆಯವರಿಗೆ ಅಲ್ಲಿಯವರೆಗೆ ಕಾಯಲು ಹೇಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
7ನೇ ದಿನಕ್ಕೆ ದುಡ್ಡು ಕೊಡಲು ಸಿದ್ಧನಿರುವ ಒಬ್ಬ ದಿನಸಿ ವ್ಯಾಪಾರಿ